ಗೊಮ್ಮಟನ ಪೂಜೆಗೆ ಹಣ ಎಲ್ಲಿಂದ ಬಂತು?

ಶ್ರವಣಬೆಳಗೊಳದ ಗೊಮ್ಮಟನ ಪಾದದ ಎರಡೂ ಪಕ್ಕದ ಕಲ್ಲಿನಲ್ಲಿ ಪುಟ್ಟ ಪುಟ್ಟ ಶಾಸನಗಳಿವೆ. ಮೂರ್ತಿಯನ್ನು ಮಾಡಿಸಿದವನು ಚಾಮುಂಡರಾಯ ಎಂದು ಒಂದು ಹೇಳುತ್ತದೆ. ಸುತ್ತಾಲಯವನ್ನು ಮಾಡಿಸಿದವನು ಗಂಗರಾಜ ಎಂದು ಇನ್ನೊಂದು ಹೇಳುತ್ತದೆ. ಈ ಎರಡು ಕೆಲಸಗಳ ನಡುವೆ ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಅಷ್ಟರಲ್ಲಿ ಗಂಗರ ರಾಜ್ಯ ಮುಗಿದು, ಚೋಳರು ಬಂದು ಹೋಗಿ, ಹೊಯ್ಸಳರ ಕಾಲ ಶುರುವಾಗಿತ್ತು. ರಾಜವಂಶಗಳು ಬದಲಾದರೂ ಬೆಟ್ಟದ ಮೇಲಿನ ಪೂಜೆ ನಿಲ್ಲಲಿಲ್ಲ. ಅದು ಹೇಗೆ ನಡೆಯಿತು ಎಂಬುದನ್ನು ಬೆಳಗೊಳದ ಐನೂರಕ್ಕೂ ಹೆಚ್ಚು ಶಾಸನಗಳು ಲೆಕ್ಕಪತ್ರದ ಹಾಗೆ ಬರೆದಿಟ್ಟಿವೆ.

ಊರಿಗೆ ಹೆಸರು ಬಂದದ್ದು ಮೂರ್ತಿಯಿಂದಲ್ಲ. ಎದುರಿನ ಚಿಕ್ಕಬೆಟ್ಟದಲ್ಲಿ, ಅಂದರೆ ಚಂದ್ರಗಿರಿಯಲ್ಲಿ, ಕ್ರಿ.ಶ. 600ರ ಸುಮಾರಿನಿಂದಲೇ ಶಾಸನಗಳಿವೆ. ಅವುಗಳಲ್ಲಿ ಬಹುಪಾಲು ಅನ್ನಾಹಾರ ಬಿಟ್ಟು ಸಲ್ಲೇಖನ ವ್ರತದಿಂದ ದೇಹ ತ್ಯಜಿಸಿದ ಮುನಿಗಳು ಮತ್ತು ಆರ್ಯಿಕೆಯರ ನೆನಪಿನವು. ಗಂಗರಾಜ ರಾಚಮಲ್ಲನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾಮುಂಡರಾಯ ಹತ್ತನೆಯ ಶತಮಾನದ ಕೊನೆಯಲ್ಲಿ ದೊಡ್ಡಬೆಟ್ಟದ ತುದಿಯ ಬಂಡೆಯನ್ನು 58 ಅಡಿಯ ಬಾಹುಬಲಿಯಾಗಿ ಕಡೆಸಿದ್ದು, ಹೀಗೆ ಮುನಿಗಳಿಂದ ಆಗಲೇ ಪವಿತ್ರವಾಗಿದ್ದ ಜಾಗದಲ್ಲಿ. ತೊಡೆಯವರೆಗೆ ಹುತ್ತದ ಆಕಾರದ ಕಲ್ಲು ಆಸರೆಗಿದೆ. ಅದರ ಮೇಲೆ ಮೂರ್ತಿ ಯಾವ ಬೆಂಬಲವೂ ಇಲ್ಲದೆ ನಿಂತಿದೆ.

ಮೂರ್ತಿ ಕಡೆಯುವುದು ಒಂದು ಸಲದ ಖರ್ಚು. ನಿತ್ಯದ ಅಭಿಷೇಕ, ಹೂವು, ದೀಪ, ಅರ್ಚಕರ ಜೀವನ, ಬಂದ ಮುನಿಗಳ ಆಹಾರ, ಮಳೆಗೆ ಸೋರುವ ಬಸದಿಗಳ ದುರಸ್ತಿ, ಇವು ಮುಗಿಯದ ಖರ್ಚುಗಳು. ಗಂಗರಾಜನ ಶಾಸನಗಳು ಇದರ ವ್ಯವಸ್ಥೆಯನ್ನು ತೋರಿಸುತ್ತವೆ. ಈತ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ. 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟವನು. ಮೆಚ್ಚಿದ ರಾಜ ಏನು ಬೇಕೋ ಕೇಳು ಎಂದಾಗ ಗಂಗರಾಜ ತನಗಾಗಿ ಏನನ್ನೂ ಕೇಳಲಿಲ್ಲ ಎನ್ನುತ್ತವೆ ಶಾಸನಗಳು. ಹೀಗೆ ಪಡೆದ ಗೋವಿಂದವಾಡಿಯನ್ನು ಗೊಮ್ಮಟನ ಪೂಜೆಗೂ, ಪರಮ ಎಂಬ ಊರನ್ನು ತನ್ನ ತಾಯಿ ಮತ್ತು ಹೆಂಡತಿ ಕಟ್ಟಿಸಿದ ಬಸದಿಗಳಿಗೂ ಬಿಟ್ಟುಕೊಟ್ಟ.

ಊರನ್ನು ಬಿಡುವುದು ಎಂದರೆ ರಾಜನ ಬೊಕ್ಕಸಕ್ಕೆ ಸಲ್ಲಬೇಕಾದ ಆ ಊರಿನ ಹುಟ್ಟುವಳಿ ಇನ್ನು ಮುಂದೆ ದೇವರಿಗೆ ಸಲ್ಲುವುದು. ರೈತ ಅದೇ ಹೊಲ ಉಳುತ್ತಿದ್ದ, ಕಂದಾಯ ಮುಟ್ಟುವ ಜಾಗ ಮಾತ್ರ ಬದಲಾಗುತ್ತಿತ್ತು. ದಾನವನ್ನು ಗುರುವಿನ ಪಾದ ತೊಳೆದು ನೀರು ಬಿಟ್ಟು ಕೊಡುತ್ತಿದ್ದರು. ಗಂಗರಾಜನ ಗುರು ಶುಭಚಂದ್ರ ಸಿದ್ಧಾಂತದೇವ. ಬಟ್ಟೆಯನ್ನೂ ಇಟ್ಟುಕೊಳ್ಳದ ದಿಗಂಬರ ಮುನಿಯ ಕೈಯಲ್ಲಿ ಒಂದು ಇಡೀ ಊರು! ಆದರೆ ಊರು ಸಲ್ಲುತ್ತಿದ್ದುದು ಮುನಿಗಲ್ಲ, ದೇವರ ಪೂಜೆ, ಆಹಾರದಾನ ಮತ್ತು ಜೀರ್ಣೋದ್ಧಾರಕ್ಕೆ. ಗುರು ಅದರ ಹೊಣೆಗಾರ. ಆ ಹೊಣೆ ಹೊರುತ್ತಾ ಹೊರುತ್ತಾ ಮುನಿಸಂಘಗಳು ಒಂದೆಡೆ ನೆಲೆನಿಂತ ಮಠಗಳಾದವು. ಬೆಳಗೊಳದ ಚಾರುಕೀರ್ತಿ ಪೀಠ ಆ ಪರಂಪರೆಯದು.

ಕೊಟ್ಟವರೆಲ್ಲ ಸೇನಾಪತಿಗಳೂ ಅಲ್ಲ, ಎಲ್ಲರೂ ಜೈನರೂ ಅಲ್ಲ. ವಿಷ್ಣುವರ್ಧನನ ರಾಣಿ ಶಾಂತಲೆ 1123ರಲ್ಲಿ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಹೊಯ್ಸಳರ ಭಂಡಾರಿ ಹುಳ್ಳ 1159ರಲ್ಲಿ ಕೆಳಗೆ ಊರಿನಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ದೊಡ್ಡ ಬಸದಿ ಕಟ್ಟಿಸಿದ. ಅದಕ್ಕೆ ನರಸಿಂಹ ದೊರೆ ಸವಣೇರು ಗ್ರಾಮವನ್ನು ಕೊಟ್ಟ. ಎರಡನೆಯ ಬಲ್ಲಾಳನ ಮಂತ್ರಿ ಚಂದ್ರಮೌಳಿ ಶೈವ, ಅವನ ಹೆಂಡತಿ ಆಚಿಯಕ್ಕ ಜೈನಳು. ಅವಳು 1181ರಲ್ಲಿ ಕಟ್ಟಿಸಿದ ಅಕ್ಕನ ಬಸದಿಗೆ ಊರೊಂದನ್ನು ರಾಜನಲ್ಲಿ ಕೇಳಿ ಕೊಡಿಸಿದವನು ಆ ಶೈವ ಗಂಡನೇ. ಊರು ಕೊಡುವ ಶಕ್ತಿ ಇಲ್ಲದ ವ್ಯಾಪಾರಿಗಳು, ಗೃಹಸ್ಥರು ಕೆಲವು ಗದ್ಯಾಣ ಹೊನ್ನನ್ನು ಠೇವಣಿ ಇಟ್ಟು, ಅದರ ಬಡ್ಡಿಯಿಂದ ಗೊಮ್ಮಟನ ಅಭಿಷೇಕಕ್ಕೆ ದಿನಕ್ಕಿಷ್ಟು ಹಾಲು ಬರಲಿ ಎಂದು ಕಲ್ಲಿನಲ್ಲಿ ಬರೆಸಿದರು. ಅಸಲು ಮುಟ್ಟದೆ ಬಡ್ಡಿಯಲ್ಲಿ ಪೂಜೆ ನಡೆಸುವ ಈಗಿನ ಶಾಶ್ವತ ಪೂಜಾನಿಧಿಯ ಕ್ರಮ ಹದಿಮೂರನೆಯ ಶತಮಾನದಲ್ಲೇ ಇಲ್ಲಿತ್ತು.

ಇಷ್ಟೆಲ್ಲ ಭದ್ರತೆಯೂ ಕೆಲವೊಮ್ಮೆ ಸಾಲದೆ ಹೋಯಿತು. ದಾನ ಕಸಿದವನಿಗೆ ಕಾಶಿಯಲ್ಲಿ ಕವಿಲೆ ಕೊಂದ ಪಾಪ ಬರಲಿ ಎಂದು ಶಾಸನಗಳು ಶಪಿಸುತ್ತವೆ. ಆದರೆ ರಕ್ಷಣೆ ಕೊಡುವ ರಾಜ ಹೋದ ಮೇಲೆ ಶಾಪ ಯಾರನ್ನು ತಡೆದೀತು? ಹೊಯ್ಸಳರು ಅಳಿದು ವಿಜಯನಗರ ತಲೆಯೆತ್ತುತ್ತಿದ್ದ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂತು. ಜೈನರು ಬುಕ್ಕರಾಯನಲ್ಲಿ ದೂರಿದರು. 1368ರ ಅವನ ತೀರ್ಪು ಹುಳ್ಳ ಕಟ್ಟಿಸಿದ ಭಂಡಾರಿ ಬಸದಿಯಲ್ಲಿದೆ. ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ, ಪಂಚಮಹಾವಾದ್ಯ ಮತ್ತು ಕಲಶ ಜೈನರಿಗೂ ಸಲ್ಲುತ್ತವೆ ಎಂದ.

ಜನ ಸಾಮಾನ್ಯವಾಗಿ ಈ ಶಾಸನವನ್ನು ಇಲ್ಲಿಯವರೆಗೆ ಮಾತ್ರ ನೆನೆಯುತ್ತಾರೆ. ಇದರ ಮುಂದಿನ ಭಾಗವೇ ವ್ಯವಹಾರದ್ದು. ರಾಜ್ಯದ ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಅದರಲ್ಲಿ ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲುಗಾರರನ್ನು ನೇಮಿಸಬೇಕು. ಉಳಿದ ಹಣದಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಖರ್ಚು ಜೈನರದು, ಕಾವಲಿನ ಹೊಣೆ ವೈಷ್ಣವ ಮುಖಂಡನದು. ಜಗಳವಾಡಿದವರನ್ನೇ ಹೊಣೆಗಾರರನ್ನಾಗಿ ಮಾಡಿದ ಜಾಣತನ ಇಲ್ಲಿದೆ. ಆದರೆ ಒಂದು ಬದಲಾವಣೆಯನ್ನೂ ಇದು ಹೇಳುತ್ತದೆ: ದಂಡನಾಯಕರು ಊರುಗಳನ್ನೇ ಬಿಟ್ಟುಕೊಡುತ್ತಿದ್ದ ಕಾಲ ಕಳೆದು, ಮನೆಮನೆಯ ವಂತಿಗೆಯ ಕಾಲ ಬಂದಿತ್ತು.

ರಾಜಾಶ್ರಯ ಅದೇ ಕಾಲಕ್ಕೆ ಕರಾವಳಿಯ ಕಡೆಗೂ ಸರಿಯಿತು. ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸ ಗುರು ಲಲಿತಕೀರ್ತಿಯ ಮಾತಿನಂತೆ 1432ರಲ್ಲಿ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ವೇಣೂರಿನಲ್ಲಿ 1604ರಲ್ಲಿ ತಿಮ್ಮರಾಜ ಅಜಿಲ ಇನ್ನೊಬ್ಬನನ್ನು ನಿಲ್ಲಿಸಿದ. ದೊಡ್ಡ ಸಾಮ್ರಾಜ್ಯಗಳಲ್ಲಿ ಸಿಗದ ಆಶ್ರಯವನ್ನು ಜೈನಧರ್ಮ ಅಲ್ಲಿನ ಸಣ್ಣ ಅರಸುಮನೆಗಳಲ್ಲಿ ಕಂಡುಕೊಂಡಿತು.

ಬೆಳಗೊಳಕ್ಕೆ ಇನ್ನೊಂದು ಪೆಟ್ಟು ಬಿದ್ದದ್ದು ಒಳಗಿನಿಂದಲೇ. ದೇವರ ಭೂಮಿಯನ್ನು ನೋಡಿಕೊಳ್ಳಬೇಕಾದ ಸ್ಥಾನಿಕರೇ ಅದನ್ನು ವರ್ತಕರಿಗೆ ಅಡವಿಟ್ಟುಬಿಟ್ಟಿದ್ದರು. ಮೈಸೂರಿನ ಚಾಮರಾಜ ಒಡೆಯರು 1634ರಲ್ಲಿ ಆ ವರ್ತಕರನ್ನು ಕರೆಸಿ, ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ವರ್ತಕರು ಹಣ ತೆಗೆದುಕೊಳ್ಳದೆ, ತಂದೆತಾಯಿಗಳಿಗೆ ಪುಣ್ಯವಾಗಲಿ ಎಂದು ಅಡವಿನ ಪತ್ರಗಳನ್ನು ಬಿಟ್ಟುಕೊಟ್ಟರು. ದೇವರ ಭೂಮಿಯನ್ನು ಇನ್ನು ಮುಂದೆ ಅಡವು ಇಡುವವರೂ ಇಟ್ಟುಕೊಳ್ಳುವವರೂ ತಪ್ಪಿತಸ್ಥರು ಎಂದು ಶಾಸನ ಬರೆಸಲಾಯಿತು.

ಗೊಮ್ಮಟನನ್ನು ನಿಲ್ಲಿಸಿದ ಕೀರ್ತಿ ಚಾಮುಂಡರಾಯನದು. ಅವನ ಪೂಜೆಯನ್ನು ಉಳಿಸಿದ ಪುಣ್ಯ ಮಾತ್ರ ಹಾಲಿಗೆ ಹೊನ್ನಿಟ್ಟವರಿಂದ ಹಿಡಿದು ಅಡವು ಬಿಟ್ಟುಕೊಟ್ಟ ವರ್ತಕರವರೆಗೆ ಹಂಚಿಹೋಗಿದೆ. ಮುಂದಿನ ಸಲ ಬೆಳಗೊಳಕ್ಕೆ ಹೋದಾಗ ಬೆಟ್ಟ ಇಳಿದವರೇ ಬಸ್ಸು ಹತ್ತಬೇಡಿ, ಭಂಡಾರಿ ಬಸದಿಗೆ ಹೋಗಿ ಬುಕ್ಕರಾಯನ ಕಲ್ಲನ್ನೂ ನೋಡಿ ಬನ್ನಿ.