ಇಪ್ಪತ್ತಕ್ಕೂ ಒಂದಕ್ಕೂ ನಡುವೆ ಒಂದು ಪುಟ್ಟ ಗೆರೆ

ಕನ್ನಡದಲ್ಲಿ ಇಪ್ಪತ್ತಕ್ಕೆ ಒಂದು ಸೇರಿದರೆ ಇಪ್ಪತ್ತೊಂದು. ಲೋಪಸಂಧಿ ಎರಡನ್ನೂ ಬೆಸೆದುಬಿಡುತ್ತದೆ, ಗೆರೆ ಬೇಕಿಲ್ಲ. ಇಂಗ್ಲಿಷಿನಲ್ಲಿ ಆ ಬೆಸುಗೆಯ ಕೆಲಸ ಹೈಫನ್‌ನದು: ಟ್ವೆಂಟಿ-ಒನ್.

ಗೆರೆ ಜಾಗ ಬದಲಿಸಿದರೆ ಏನಾಗುತ್ತದೆ ನೋಡಿ. ‘ಟ್ವೆಂಟಿ-ಫೈವ್ ರುಪೀ ಕಾಯಿನ್ಸ್’ ಎಂದರೆ ಒಂದು ರೂಪಾಯಿಯ 25 ನಾಣ್ಯ, ಒಟ್ಟು 25 ರೂಪಾಯಿ. ‘ಟ್ವೆಂಟಿ ಫೈವ್-ರುಪೀ ಕಾಯಿನ್ಸ್’ ಎಂದರೆ ಐದು ರೂಪಾಯಿಯ 20 ನಾಣ್ಯ, ಒಟ್ಟು 100 ರೂಪಾಯಿ. ಗೆರೆಯೇ ಇಲ್ಲದಿದ್ದರೆ ಓದುವವರು ಊಹಿಸಬೇಕು. ಹಣದ ಪತ್ರದಲ್ಲಿ ಊಹೆಗೆ ಜಾಗ ಬಿಡಬಾರದು.

ನಿಯಮ ಸರಳ. 21ರಿಂದ 99ರವರೆಗೆ ಎರಡು ಪದಗಳಲ್ಲಿ ಬರೆಯುವ ಸಂಖ್ಯೆಗಳಿಗೆ ಮಾತ್ರ ಗೆರೆ. 30, 40ರಂಥವು ಒಂದೇ ಪದ, ಅವಕ್ಕೆ ಬೇಡ. ಹಂಡ್ರೆಡ್, ಥೌಸಂಡ್, ಲ್ಯಾಖ್‌ಗಳನ್ನು ಗೆರೆ ಎಳೆದು ಜೋಡಿಸಬಾರದು. ದಾನಪತ್ರವೊಂದರಲ್ಲಿ 3,42,567 ರೂಪಾಯಿ ಬರೆಯಬೇಕು ಎನ್ನಿ. ತ್ರೀ ಲ್ಯಾಖ್ ಫಾರ್ಟಿ-ಟೂ ಥೌಸಂಡ್ ಫೈವ್ ಹಂಡ್ರೆಡ್ ಅಂಡ್ ಸಿಕ್ಸ್ಟಿ-ಸೆವೆನ್. ಇಷ್ಟುದ್ದದ ಮೊತ್ತಕ್ಕೆ ಎರಡೇ ಗೆರೆ, 42ಕ್ಕೊಂದು, 67ಕ್ಕೊಂದು. ಎಲ್ಲ ಪದಗಳನ್ನೂ ಗೆರೆಯಿಂದ ಪೋಣಿಸಿದ ಪತ್ರಗಳನ್ನು ನಾನು ಕಂಡಿದ್ದೇನೆ. ಅದು ಗೆರೆ ಬಿಟ್ಟಷ್ಟೇ ತಪ್ಪು. ಗೆರೆಯ ಆಚೀಚೆ ಜಾಗವನ್ನೂ ಬಿಡಬಾರದು.

ಇನ್ನು ನಂಟರ ವಿಷಯ. ನಮ್ಮಲ್ಲಿ ಭಾವ ಬೇರೆ, ಮೈದುನ ಬೇರೆ, ಷಡ್ಡಕ ಬೇರೆ. ಇಂಗ್ಲಿಷಿನಲ್ಲಿ ಮೂವರೂ ಬ್ರದರ್-ಇನ್-ಲಾ. ಆ ‘ಲಾ’ ಮೂಲದಲ್ಲಿ ಚರ್ಚಿನ ಕಾನೂನು. ಮದುವೆಯಿಂದ ಬಂದ ಯಾವ ನಂಟಸ್ತಿಕೆಯಲ್ಲಿ ಮತ್ತೆ ಮದುವೆ ನಿಷಿದ್ಧ ಎಂದು ಅದು ಹೇಳುತ್ತಿತ್ತು. ಮೂರು ಪದ ಸೇರಿ ಒಬ್ಬ ನಂಟನ ಹೆಸರಾದ್ದರಿಂದ ಎರಡು ಗೆರೆ ಬೇಕು.

ಎಡವುವುದು ಬಹುವಚನದಲ್ಲಿ. ಇಬ್ಬರು ಭಾವಂದಿರನ್ನು ‘ಬ್ರದರ್-ಇನ್-ಲಾಸ್’ ಎಂದು ಬರೆಯುವವರು ಬಹಳ. ಹೆಚ್ಚಿದ್ದು ಬ್ರದರ್‌ಗಳು, ಕಾನೂನಲ್ಲ. ಆದ್ದರಿಂದ ಔಪಚಾರಿಕ ಬರಹದಲ್ಲಿ ಬ್ರದರ್ಸ್-ಇನ್-ಲಾ. ಆದರೆ ‘ಭಾವನ ಮನೆ’ ಎನ್ನುವಾಗ ಅಪಾಸ್ಟ್ರಫಿ ಮತ್ತು ಎಸ್ ಕೊನೆಯ ‘ಲಾ’ಕ್ಕೇ ಹತ್ತುತ್ತವೆ, ಏಕೆಂದರೆ ಮನೆ ಆ ಇಡೀ ಹೆಸರಿಗೆ ಸೇರಿದ್ದು. ಹೆಂಡತಿಯ ತವರಿನವರನ್ನೆಲ್ಲ ಒಟ್ಟಾಗಿ ‘ಇನ್-ಲಾಸ್’ ಎನ್ನುವಾಗ ಮಾತ್ರ ಬಹುವಚನದ ಎಸ್ ಕೊನೆಗೆ ಬರುತ್ತದೆ.

ಎಲ್ಲ ನಂಟರಿಗೂ ಗೆರೆ ಬೇಕಿಲ್ಲ. ಗ್ರ್ಯಾಂಡ್‌ಮದರ್, ಸ್ಟೆಪ್‌ಮದರ್ ಒಂದೇ ಪದವಾಗಿ ಅಂಟಿಕೊಂಡಿವೆ. ಮುತ್ತಜ್ಜಿಗೆ ಮಾತ್ರ ಬೇಕು: ಗ್ರೇಟ್-ಗ್ರ್ಯಾಂಡ್‌ಮದರ್. ಗೆರೆ ಬಿಟ್ಟರೆ ಅವರು ಮುತ್ತಜ್ಜಿಯೋ, ಬಹಳ ಒಳ್ಳೆಯ ಅಜ್ಜಿಯೋ ತಿಳಿಯುವುದಿಲ್ಲ.