ಗೆರೆ ಕದಲಿದ್ದು ಯಾಕೆ? ಇಚಿಮೊಕು ಮೋಡದಲ್ಲಿ 2020ರ ನಿಫ್ಟಿ

2020ರ ಏಪ್ರಿಲ್ 22ರ ನಿಫ್ಟಿಯ ದಿನದ ಚಾರ್ಟ್ ತೆರೆದು ಅದರ ಮೇಲೆ ಇಚಿಮೊಕು ಹಾಕಿ ನೋಡಿ. ವೇಗದ ಗೆರೆಯಾದ ಟೆಂಕನ್, ನಿಧಾನದ ಗೆರೆಯಾದ ಕಿಜುನ್‌ನ್ನು ಅಂದು ಕೆಳಗಿನಿಂದ ಮೇಲಕ್ಕೆ ದಾಟಿದೆ. ಪುಸ್ತಕಗಳ ಪ್ರಕಾರ ಇದು ಖರೀದಿಯ ಸೂಚನೆ, ಮೊಮೆಂಟಮ್ ಮೇಲ್ಮುಖವಾಗಿದೆ ಎಂಬುದರ ಗುರುತು. ಆದರೆ ಅದೇ ಚಾರ್ಟಿನಲ್ಲಿ ಮೂರು ವಹಿವಾಟು ದಿನ ಹಿಂದಕ್ಕೆ ಹೋದರೆ ಬೇರೆಯೇ ಸಂಗತಿ ಕಾಣುತ್ತದೆ. ಏಪ್ರಿಲ್ 17ರಂದು 9,266ಕ್ಕೆ ಮುಗಿದಿದ್ದ ನಿಫ್ಟಿ 22ರಂದು ಮುಗಿದದ್ದು 9,187ಕ್ಕೆ. ಸೂಚ್ಯಂಕ ಇಳಿದಿರುವಾಗ ಏರಿಕೆಯ ಸೂಚನೆ ಬಂದದ್ದು ಹೇಗೆ? ಇಚಿಮೊಕುವನ್ನು ಬಣ್ಣ ನೋಡಿ ಬಳಸುವವರಿಗೂ ಲೆಕ್ಕ ಗೊತ್ತಿದ್ದು ಬಳಸುವವರಿಗೂ ಇರುವ ವ್ಯತ್ಯಾಸವೆಲ್ಲ ಈ ಪ್ರಶ್ನೆಯಲ್ಲಿದೆ.

ಇದನ್ನು ಕಟ್ಟಿದವರು ಜಪಾನಿನ ಪತ್ರಕರ್ತ ಗೊಯಿಚಿ ಹೊಸೊದಾ. 1930ರ ದಶಕದಲ್ಲಿ ಶುರುಮಾಡಿ, ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಕೈಯಲ್ಲೇ ಲೆಕ್ಕ ಹಾಕಿಸಿ, 1960ರ ದಶಕದ ಕೊನೆಯಲ್ಲಿ ಇಚಿಮೊಕು ಸಂಜಿನ್ ಎಂಬ ಅಂಕಿತದಲ್ಲಿ ಪುಸ್ತಕವಾಗಿ ತಂದರು. ಕ್ಯಾಲ್ಕುಲೇಟರ್ ಇಲ್ಲದ ಕಾಲವಾದ್ದರಿಂದ ಇದರಲ್ಲಿ ಕೂಡುವುದು, ಎರಡರಿಂದ ಭಾಗಿಸುವುದು ಬಿಟ್ಟರೆ ಬೇರೆ ಗಣಿತವಿಲ್ಲ.

ಮೂವಿಂಗ್ ಆವರೇಜ್ ರೂಢಿಯಾದವರು ಎಡವುವುದು ಇಲ್ಲೇ. ಇಚಿಮೊಕುವಿನ ಗೆರೆಗಳು ನೋಡಲು ಸರಾಸರಿಯಂತಿದ್ದರೂ ಸರಾಸರಿಗಳಲ್ಲ. ಟೆಂಕನ್ ಎಂದರೆ ಕಳೆದ 9 ದಿನಗಳ ಅತಿ ಮೇಲಿನ ಬೆಲೆ ಮತ್ತು ಅತಿ ಕೆಳಗಿನ ಬೆಲೆಗಳ ನಡುಬಿಂದು. ಕಿಜುನ್ 26 ದಿನಗಳ ನಡುಬಿಂದು. ಇವೆರಡರ ನಡುವಿನ ಬೆಲೆ ಸೆಂಕೋ ಎ. 52 ದಿನಗಳ ನಡುಬಿಂದು ಸೆಂಕೋ ಬಿ. ಎ ಮತ್ತು ಬಿ ಎರಡನ್ನೂ ಇವತ್ತನ್ನೂ ಸೇರಿಸಿ ಎಣಿಸಿ 26 ಕ್ಯಾಂಡಲ್ ಮುಂದಕ್ಕೆ ತಳ್ಳಿ ಬರೆದರೆ, ಅವುಗಳ ನಡುವಿನ ಜಾಗವೇ ಮೋಡ. ಇವತ್ತಿನ ಮುಕ್ತಾಯದ ಬೆಲೆಯನ್ನು ಅಷ್ಟೇ ಹಿಂದಕ್ಕೆ ಎಳೆದು ಬರೆದರೆ ಅದು ಚಿಕೋ.

ಸರಾಸರಿಯಲ್ಲಿ ಪ್ರತಿ ದಿನದ ಬೆಲೆಗೂ ಪಾಲಿದೆ. ನಡುಬಿಂದುವಿನಲ್ಲಿ ಪಾಲಿರುವುದು ಎರಡೇ ದಿನಗಳಿಗೆ: ಶಿಖರದ ದಿನ ಮತ್ತು ತಳದ ದಿನ. ಉಳಿದ 24 ದಿನ ಏನೇ ನಡೆದರೂ ಕಿಜುನ್‌ಗೆ ಸಂಬಂಧವಿಲ್ಲ. ಹಾಗಾಗಿ ಅದು ದಿನಗಟ್ಟಲೆ ಅಡ್ಡ ಮಲಗಿರುತ್ತದೆ, ಆಮೇಲೆ ಒಂದೇ ಏಟಿಗೆ ಮೇಲೋ ಕೆಳಗೋ ಸರಿಯುತ್ತದೆ. ಅದು ಕದಲಲು ಎರಡೇ ಕಾರಣ. ಒಂದು, ಬೆಲೆ ಹೊಸ ಶಿಖರವನ್ನೋ ತಳವನ್ನೋ ಮುಟ್ಟಬೇಕು. ಇಲ್ಲವೇ ಹಳೆಯ ಶಿಖರವೋ ತಳವೋ ಆ 26 ದಿನಗಳ ಕಿಟಕಿಯಿಂದ ಆಚೆ ಬೀಳಬೇಕು. ಮೊದಲನೆಯದು ಸುದ್ದಿ, ಎರಡನೆಯದು ಬರೀ ಕ್ಯಾಲೆಂಡರ್ ತಿರುಗಿದ್ದು. ಚಾರ್ಟಿನಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ.

ಈಗ ಏಪ್ರಿಲ್ 22ಕ್ಕೆ ವಾಪಸ್ ಬರೋಣ. 17ರಂದು ಕಿಜುನ್‌ನ ಕಿಟಕಿಯಲ್ಲಿ ಮಾರ್ಚ್ 6ರ ಶಿಖರ, ಸುಮಾರು 11,035, ಇನ್ನೂ ಕುಳಿತಿತ್ತು. ತಳ ಮಾರ್ಚ್ 24ರ 7,511. ನಡುಬಿಂದು 9,270ರ ಆಸುಪಾಸು. ಮುಂದಿನ ಮೂರು ದಿನಗಳಲ್ಲಿ ಮಾರ್ಚ್ 6, 9, 11 ಒಂದೊಂದಾಗಿ ಕಿಟಕಿಯಿಂದ ಹೊರಬಿದ್ದವು. ಆ ದಿನಗಳಲ್ಲಿ ಪೇಟೆ ಪ್ರಪಾತಕ್ಕೆ ಬೀಳುತ್ತಿದ್ದುದರಿಂದ ಪ್ರತಿ ದಿನದ ಶಿಖರವೂ ಹಿಂದಿನದಕ್ಕಿಂತ ತೀರಾ ಕೆಳಗಿತ್ತು. 22ರ ಹೊತ್ತಿಗೆ ಉಳಿದಿದ್ದ ದೊಡ್ಡ ಶಿಖರ ಮಾರ್ಚ್ 13ರ 10,159 ಮಾತ್ರ. ಕಿಜುನ್ 8,835ಕ್ಕೆ ಕುಸಿಯಿತು. ಇತ್ತ ಟೆಂಕನ್‌ನ ಒಂಬತ್ತು ದಿನದ ಕಿಟಕಿಯಿಂದ ಏಪ್ರಿಲ್ ಆರಂಭದ ತಳಗಳು ಆಚೆ ಹೋದವು, ಅದು 8,690ರಿಂದ 9,020ರ ಹತ್ತಿರಕ್ಕೆ ಏರಿತು. ದಾಟುವಿಕೆ ಆದದ್ದು ಹೀಗೆ. ಆ ಮೂರು ದಿನ ಕೊಳ್ಳುವವರು ಪೇಟೆಯನ್ನು ಮೇಲೆತ್ತಿದ್ದರಿಂದಲ್ಲ, ಮಾರ್ಚಿನ ಮತ್ತು ಏಪ್ರಿಲ್ ಮೊದಲ ವಾರದ ನೆನಪು ಅಳಿಸಿದ್ದರಿಂದ.

ಹಾಗೆಂದು ಆ ಸೂಚನೆ ಸುಳ್ಳೇ? ಪೂರ್ತಿ ಸುಳ್ಳಲ್ಲ. ಒಂಬತ್ತು ದಿನಗಳ ವ್ಯಾಪ್ತಿಯ ನಡು 26 ದಿನಗಳ ವ್ಯಾಪ್ತಿಯ ನಡುವಿಗಿಂತ ಮೇಲಿದೆ ಎನ್ನುವಷ್ಟು ಅದು ನಿಜವನ್ನೇ ಹೇಳುತ್ತಿದೆ. ಆದರೆ ಅದನ್ನು ವೇಗ ಎಂದು ಓದಬಾರದು. ಬೆಲೆ ಹೊಸ ಶಿಖರ ಮಾಡುತ್ತ ಎರಡೂ ಗೆರೆಗಳು ಮೇಲಕ್ಕೆ ಸಾಗುವಾಗ ಆಗುವ ದಾಟುವಿಕೆಗೆ ಇರುವ ಕಸುವು, ಕಿಜುನ್ ಕೆಳಗೆ ಬೀಳುವಾಗ ಆಗುವ ದಾಟುವಿಕೆಗೆ ಇರುವುದಿಲ್ಲ. ಮೋಡದ ಕೆಳಗಡೆ ಆದ ದಾಟುವಿಕೆಯನ್ನು ದುರ್ಬಲ ಎಂದು ಎಣಿಸುವ ಹಳೆಯ ವಾಡಿಕೆಗೂ ಇಲ್ಲಿ ಅರ್ಥ ಸಿಗುತ್ತದೆ. ನಿಫ್ಟಿ ಅಂದು ಮೋಡಕ್ಕಿಂತ ಬಹಳ ಕೆಳಗಿತ್ತು.

ಮೋಡದ ವಿಷಯದಲ್ಲಿ ನೆನಪಿಡಬೇಕಾದದ್ದು, ಇವತ್ತಿನ ಕ್ಯಾಂಡಲ್‌ನ ಪಕ್ಕದಲ್ಲಿ ಕಾಣುವ ಮೋಡ ಇವತ್ತಿನದಲ್ಲ, ಒಂದು ತಿಂಗಳಿಗೂ ಹಿಂದಿನ ಲೆಕ್ಕದ್ದು. ಏಪ್ರಿಲ್ 30ರ ಪಕ್ಕದ ಮೋಡ ಮಾರ್ಚಿನ ಕುಸಿತದ ನಡುವೆ, 20ರಂದು ಲೆಕ್ಕ ಹಾಕಿದ್ದು, ಸುಮಾರು 9,665ರಿಂದ 10,130ರ ತನಕ ಹರಡಿತ್ತು. ಅಂದು ನಿಫ್ಟಿ ಅದರೊಳಕ್ಕೆ ಹೊಕ್ಕು 9,859ಕ್ಕೆ ಮುಗಿಯಿತು, ಮೇಲಂಚನ್ನು ಮುಟ್ಟಲಿಲ್ಲ. ಮುಂದಿನ ವಹಿವಾಟು ದಿನ, ಮೇ 4ರಂದು, ಒಂದೇ ದಿನಕ್ಕೆ 9,293ಕ್ಕೆ ಬಿತ್ತು. ಮೋಡ ಯಾಕೆ ತಡೆಯಾಯಿತು ಎಂದರೆ, ಮಾರ್ಚಿನಲ್ಲಿ ಪೇಟೆ ಬೀಳುತ್ತ ಹೋದಾಗ ಆ ಮಟ್ಟಗಳಲ್ಲಿ ಸಿಕ್ಕಿಹಾಕಿಕೊಂಡವರು ಅಸಲು ಬಂದರೆ ಸಾಕೆಂದು ಮಾರಲು ಕಾದಿದ್ದರು ಎಂಬುದು ಸಾಮಾನ್ಯ ವಿವರಣೆ. ದೊಡ್ಡ ಕುಸಿತದ ಅರ್ಧದ ಮಟ್ಟವನ್ನು ಪೇಟೆ ಗಮನಿಸುತ್ತದೆ ಎನ್ನುವುದಂತೂ ಇಚಿಮೊಕು ಇಲ್ಲದೆಯೂ ವಹಿವಾಟುದಾರರಿಗೆ ಗೊತ್ತಿರುವ ವಿಚಾರ. ಸೆಂಕೋ ಬಿ ಆ ಅರ್ಧವನ್ನು ತಾನಾಗಿ ಎಳೆದುಕೊಡುತ್ತದೆ, ಅಷ್ಟೆ.

ಟ್ರೆಂಡ್ ಬದಲಾಗಿದೆ ಎಂದು ಚಾರ್ಟ್ ಹೇಳಿದ್ದು ಜೂನ್ 2ರಂದು. ಆ ಹೊತ್ತಿಗೆ ಮೋಡದ ಮೇಲಂಚು ಸುಮಾರು 9,880ಕ್ಕೆ ಇಳಿದಿತ್ತು, ಯಾಕೆಂದರೆ ಜನವರಿ 20ರ 12,430ರ ಶಿಖರ ಲೆಕ್ಕದಿಂದ ಹೋಗಿ ಫೆಬ್ರವರಿಯ 12,246 ಆ ಜಾಗಕ್ಕೆ ಬಂದಿತ್ತು. ನಿಫ್ಟಿ 9,979ಕ್ಕೆ ಮುಗಿದು ಮೋಡದಿಂದ ಹೊರಬಂತು. ಚಿಕೋವನ್ನೂ ಇಲ್ಲೇ ನೋಡಬಹುದು. ಅದು ಏಪ್ರಿಲ್ 24ರ ಕ್ಯಾಂಡಲ್‌ನ ಮೇಲೆ ಬಂದು ಕೂರುತ್ತದೆ. ಅಂದಿನ ಬೆಲೆ 9,154. ಅಂದರೆ 25 ವಹಿವಾಟು ದಿನಗಳಲ್ಲಿ ಸೂಚ್ಯಂಕ ಸುಮಾರು ಒಂಬತ್ತು ಶೇಕಡಾ ಏರಿದೆ. ಚಿಕೋ ಎಂದರೆ ಇಷ್ಟೇ, ಆಗಿಗೂ ಈಗಿಗೂ ಇರುವ ಬೆಲೆಯ ಅಂತರ. ಮೊಮೆಂಟಮ್‌ಗೆ ಇಚಿಮೊಕುವಿನಲ್ಲಿ ನಾನು ಟೆಂಕನ್ ದಾಟುವಿಕೆಗಿಂತ ಹೆಚ್ಚು ನೆಚ್ಚುವುದು ಇದನ್ನೇ, ಇದರಲ್ಲಿ ಶಿಖರ–ತಳಗಳ ಆಟವಿಲ್ಲ. ಆದರೂ ಕಟ್ಟುನಿಟ್ಟಿನವರು ಅಂದು ಕೊಳ್ಳುತ್ತಿರಲಿಲ್ಲ. ಏಪ್ರಿಲ್ 24ರ ಜಾಗದಲ್ಲಿದ್ದ ಮೋಡದ ಮೇಲಂಚು 10,490ರ ಹತ್ತಿರವಿತ್ತು, ಚಿಕೋ ಅದನ್ನು ಇನ್ನೂ ದಾಟಿರಲಿಲ್ಲ.

ಅದೇ ದಿನ ಬಲಗಡೆ, ಜುಲೈಗೆ ಬರೆದ ಮೋಡ ಹಸಿರಾಗಿ ದಪ್ಪವಾಗಿತ್ತು. ಮುಂದೆ ಬಲವಾದ ಸಪೋರ್ಟ್ ಇದೆ ಎಂದು ಇದನ್ನು ಓದುವವರು ಬಹಳ. ಲೆಕ್ಕ ಬಿಡಿಸಿದರೆ ಬೇರೆಯದೇ ಕಾಣುತ್ತದೆ. ಮಾರ್ಚ್ 24ರಂದು ಸೆಂಕೋ ಬಿ 9,970ರಲ್ಲಿತ್ತು. ಜೂನ್ 2ಕ್ಕೆ ನಿಫ್ಟಿ ತಳದಿಂದ 2,400ಕ್ಕೂ ಹೆಚ್ಚು ಪಾಯಿಂಟ್ ಏರಿದ್ದರೂ ಸೆಂಕೋ ಬಿ ಏರಲಿಲ್ಲ, 8,835ಕ್ಕೆ ಇಳಿಯಿತು. ಜನವರಿ, ಫೆಬ್ರವರಿಯ ಶಿಖರಗಳು 52 ದಿನಗಳ ಕಿಟಕಿಯಿಂದ ಹೋದವು, 7,511ರ ತಳ ಮಾತ್ರ ಉಳಿಯಿತು. ಬಿ ಕೆಳಗೆ ಜಾರಿದ್ದರಿಂದ ಎ ಮೇಲಾಯಿತು, ಬಣ್ಣ ಹಸಿರಾಯಿತು. ದಪ್ಪ ಮೋಡ ಎಂದರೆ ಹಿಂದೆ ದೊಡ್ಡ ಏರಿಳಿತ ನಡೆದಿತ್ತು ಎಂದಷ್ಟೇ ಅರ್ಥ. ಅದರ ಅಡಿಯಂಚು ಸಪೋರ್ಟ್ ಆಗಬೇಕಾದರೆ ಸೂಚ್ಯಂಕ ಮೊದಲು ಸಾವಿರ ಪಾಯಿಂಟಿಗೂ ಹೆಚ್ಚು ಬೀಳಬೇಕು. ಅಲ್ಲಿಯ ತನಕ ಕಾಯುವ ವಹಿವಾಟುದಾರ ಯಾರು?

ಇನ್ನೊಂದು ಮೋಸವೂ ಉಂಟು. ಬೆಲೆ ಮೋಡದ ಮೇಲೆ, ಟೆಂಕನ್ ಕಿಜುನ್ ಮೇಲೆ, ಚಿಕೋ ಮೇಲೆ, ಮುಂದಿನ ಮೋಡ ಹಸಿರು ಎಂದು ನಾಲ್ಕು ಸಾಕ್ಷಿ ಸಿಕ್ಕವು ಎಂದು ಹಿಗ್ಗುವುದು. ನಾಲ್ಕೂ ಒಂದೇ ಬೆಲೆಯಿಂದ ಹುಟ್ಟಿದವು. ವಾಲ್ಯೂಮ್ ಎಲ್ಲೂ ಇಲ್ಲ. ಪೇಟೆ ಒಂದು ವ್ಯಾಪ್ತಿಯೊಳಗೆ ಓಲಾಡುತ್ತಿರುವಾಗ ನಾಲ್ಕೂ ಒಟ್ಟಿಗೇ ತಪ್ಪುತ್ತವೆ. ಅಂಥ ಪೇಟೆಯ ಗುರುತು ಸುಲಭ: ಕಿಜುನ್ ಮತ್ತು ಸೆಂಕೋ ಬಿ ಎರಡೂ ಅಡ್ಡ ಮಲಗಿ ಒಂದರ ಹತ್ತಿರ ಒಂದಿರುತ್ತವೆ, ಬೆಲೆ ಅವನ್ನು ವಾರಕ್ಕೆರಡು ಸಲ ದಾಟುತ್ತದೆ. ಆಗ ಈ ಸಾಧನವನ್ನು ಮುಚ್ಚಿಡುವುದೇ ಲೇಸು. 9, 26, 52ರ ಬದಲು ಬೇರೆ ಅಂಕಿ ಹಾಕುವ ಚರ್ಚೆ ಮುಗಿಯುವಂಥದ್ದಲ್ಲ. ಆಗಿನ ಜಪಾನಿನಲ್ಲಿ ಶನಿವಾರವೂ ವಹಿವಾಟಿದ್ದುದರಿಂದ 26 ಎಂದರೆ ಒಂದು ತಿಂಗಳು ಎನ್ನುತ್ತಾರೆ. ಅಂಕಿ ಯಾವುದಾದರೂ ಇರಲಿ, ಹಳೆಯ ಶಿಖರ ಕಿಟಕಿಯಿಂದ ಬೀಳುವ ಗುಣ ಹೋಗುವುದಿಲ್ಲ.

ಹಾಗಾದರೆ ನಂಬಬಹುದಾದ ಸಪೋರ್ಟ್ ಎಲ್ಲಿ? ಹೊಸ ಶಿಖರದಿಂದ ಏರಿ, ಆಮೇಲೆ ಅಡ್ಡ ನಿಂತ ಕಿಜುನ್‌ನಲ್ಲಿ. ಜೂನ್ 8ರಂದು ನಿಫ್ಟಿ 10,328ರ ಶಿಖರ ಮುಟ್ಟಿತು. 26 ದಿನಗಳ ತಳ ಮೇ 18ರ 8,806. ಕಿಜುನ್ 9,567ಕ್ಕೆ ಏರಿ ಅಲ್ಲೇ ನಿಂತಿತು. ಈ ಚಲನೆಗೆ ಹೊಸ ಶಿಖರವೇ ಕಾರಣ, ಹಾಗಾಗಿ ಇದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಮಟ್ಟ. ನಾಲ್ಕು ದಿನಗಳ ನಂತರ, ಜೂನ್ 12ರ ಬೆಳಗ್ಗೆ, ಅಮೆರಿಕದ ಪೇಟೆಗಳ ಕುಸಿತದ ಬೆನ್ನಿಗೆ ನಿಫ್ಟಿ ಭಾರಿ ಗ್ಯಾಪ್‌ನೊಂದಿಗೆ ಕೆಳಗೆ ತೆರೆದು 9,544 ಮುಟ್ಟಿತು. ಕಿಜುನ್‌ಗಿಂತ ಇಪ್ಪತ್ತಮೂರು ಪಾಯಿಂಟ್ ಕೆಳಗೆ. ಅಲ್ಲಿಂದ ತಿರುಗಿ ದಿನದ ಕೊನೆಗೆ 9,972ಕ್ಕೆ, ಅಂದರೆ ಸುಮಾರು 9,830ರಲ್ಲಿದ್ದ ಮೋಡದ ಮೇಲಂಚಿನ ಮೇಲಕ್ಕೆ ಬಂತು.

ಕಿಜುನ್ ಮೇಲೇ ಸ್ಟಾಪ್‌ಲಾಸ್ ಇಟ್ಟವರು ಅಂದು ತೆರೆಯುತ್ತಲೇ ಹೊರಬಿದ್ದಿರುತ್ತಾರೆ. ದಿನದ ಮುಕ್ತಾಯ ನೋಡಿ ತೀರ್ಮಾನಿಸುವವರು ಉಳಿದಿರುತ್ತಾರೆ, ಬದಲಿಗೆ ಬೆಳಗ್ಗೆಯಿಡೀ ದೊಡ್ಡ ನಷ್ಟವನ್ನು ತಡೆದುಕೊಂಡು ಕೂರುವಷ್ಟು ಚಿಕ್ಕ ಪೊಸಿಷನ್ ಅವರದಾಗಿರಬೇಕು. ಜೂನ್ 15ರಂದು ಸೂಚ್ಯಂಕ 9,813ಕ್ಕೆ ಮುಗಿದು ಮತ್ತೆ ಮೋಡದೊಳಕ್ಕೆ ಕೊಂಚ ಜಾರಿತು, ಕಿಜುನ್ ಮಾತ್ರ 9,567ರಲ್ಲೇ ಇತ್ತು. ಮರುದಿನ ನಿಫ್ಟಿ 9,914ಕ್ಕೆ ಮುಗಿಯಿತು.