ಮೀಟರ್ ಇಟ್ಟರೆ ದೀಪ ಆರುವುದೇಕೆ?

ವಿಜ್ಞಾನ ಪ್ರದರ್ಶನಕ್ಕೆಂದು ನಮ್ಮ ದ್ವಿತೀಯ ಪಿಯುಸಿಯ ಇಬ್ಬರು ವಿದ್ಯಾರ್ಥಿನಿಯರು ಕತ್ತಲಾದಾಗ ತಾನಾಗಿ ಹತ್ತುವ ಪುಟ್ಟ ದೀಪವೊಂದನ್ನು ಮಾಡಿದ್ದರು. ಒಂದು 9 ವೋಲ್ಟ್ ಬ್ಯಾಟರಿ, 1 ಮೆಗಾಓಮ್‌ನ ಒಂದು ರೋಧಕ, ಅದರ ಕೆಳಗೆ ಸರಣಿಯಲ್ಲಿ ಒಂದು ಎಲ್‌ಡಿಆರ್. ಇವೆರಡೂ ಸೇರುವ ಬಿಂದುವಿನಿಂದ ಒಂದು ತಂತಿ ಎಲ್‌ಎಂ358 ಐಸಿಗೆ ಹೋಗುತ್ತದೆ. ಆ ಬಿಂದುವಿನ ವೋಲ್ಟೇಜ್ 4 ವೋಲ್ಟ್ ದಾಟಿದರೆ ಐಸಿ ಎಲ್‌ಇಡಿಯನ್ನು ಹತ್ತಿಸುತ್ತದೆ, ಕೆಳಗಿಳಿದರೆ ಆರಿಸುತ್ತದೆ. ಬೆಳಕಿನಲ್ಲಿ ಎಲ್‌ಡಿಆರ್‌ನ ರೋಧ ಕಡಿಮೆ, ಕತ್ತಲಲ್ಲಿ ಹೆಚ್ಚು. ಆದ್ದರಿಂದ ಬಟ್ಟೆ ಮುಚ್ಚಿದರೆ ದೀಪ ಹತ್ತಬೇಕು, ಹತ್ತುತ್ತಲೂ ಇತ್ತು.

ತೊಂದರೆ ಶುರುವಾದದ್ದು ಆ ಬಿಂದುವಿನ ವೋಲ್ಟೇಜನ್ನು ಚಾರ್ಟಿನಲ್ಲಿ ಬರೆಯಲು ಹೊರಟಾಗ. ಇಬ್ಬರೂ ಲ್ಯಾಬಿಗೆ ಬಂದು ಹೇಳಿದ್ದು ಇಷ್ಟು: "ಸರ್, ಮೀಟರ್ ಹಚ್ಚಿದ್ರ ದೀಪ ಆರ್ತದ್ರಿ, ತೆಗದ್ರ ಮತ್ತ ಹತ್ತತದ್ರಿ. ಐಸಿ ಹೋಗ್ಯಾದೇನ್ರಿ?" ಅಷ್ಟರಲ್ಲಿ ಅವರು ಐಸಿಯನ್ನು ಒಮ್ಮೆ, ಎಲ್‌ಡಿಆರ್‌ ಅನ್ನು ಒಮ್ಮೆ ಬದಲಾಯಿಸಿ ನೋಡಿದ್ದರು. ಪ್ರದರ್ಶನಕ್ಕೆ ಎರಡೇ ದಿನ ಉಳಿದಿತ್ತು. ಇಡೀ ಬೋರ್ಡನ್ನು ಬಿಚ್ಚಿ ಹೊಸದಾಗಿ ಬೆಸುಗೆ ಹಾಕುವ ಯೋಚನೆಯಲ್ಲಿದ್ದರು.

ಐಸಿ ಹೋಗಿರಲಿಲ್ಲ. ಬೋರ್ಡಿನಲ್ಲಿ ಯಾವ ದೋಷವೂ ಇರಲಿಲ್ಲ. ಮೀಟರ್ ಕೂಡ ಕೆಟ್ಟಿರಲಿಲ್ಲ. ಅದು ತೋರಿಸಿದ 3 ವೋಲ್ಟ್ ಆ ಕ್ಷಣದಲ್ಲಿ ಅಲ್ಲಿ ನಿಜವಾಗಿಯೂ ಇದ್ದ ವೋಲ್ಟೇಜೇ. ಆದರೆ ಮೀಟರ್ ಇಡುವ ಮೊದಲು ಅಲ್ಲಿ ಇದ್ದದ್ದು 4.5 ವೋಲ್ಟ್. ಅಳೆಯಲು ಹೋದ ಉಪಕರಣವೇ ಅಳೆಯಬೇಕಾದದ್ದನ್ನು ಬದಲಿಸಿತು. ಇದಕ್ಕೆ ಲೋಡಿಂಗ್ ದೋಷ ಎನ್ನುತ್ತಾರೆ.

ಲೆಕ್ಕ ಸುಲಭವಾಗಲೆಂದು ಎಲ್‌ಡಿಆರ್ ತೆಗೆದು ಅದರ ಜಾಗದಲ್ಲಿ ಇನ್ನೊಂದು 1 ಮೆಗಾಓಮ್ ರೋಧಕ ಹಾಕಿಸಿದೆ. (ಬಟ್ಟೆ ಮುಚ್ಚಿದ ಅವರ ಎಲ್‌ಡಿಆರ್ ಹೆಚ್ಚುಕಡಿಮೆ ಅಷ್ಟೇ ಇತ್ತು. ಬಟ್ಟೆ ಸರಿದರೆ ಬೆಲೆ ಸರಿಯುವ ಎಲ್‌ಡಿಆರ್ ಇಂಥ ಪರೀಕ್ಷೆಗೆ ಒಗ್ಗುವುದಿಲ್ಲ.) ಎರಡೂ ಸಮ ರೋಧಕಗಳಾದ್ದರಿಂದ 9 ವೋಲ್ಟ್ ಸಮನಾಗಿ ಹಂಚಿಕೊಂಡು ನಡುವಿನ ಬಿಂದುವಿನಲ್ಲಿ 4.5 ವೋಲ್ಟ್ ಇರಬೇಕು. ಸರಣಿಯಲ್ಲಿ ಒಟ್ಟು 2 ಮೆಗಾಓಮ್, ಹರಿಯುವ ಪ್ರವಾಹ 4.5 ಮೈಕ್ರೋಆಂಪಿಯರ್. ಎಷ್ಟು ಸಣ್ಣ ಪ್ರವಾಹ ನೋಡಿ.

ಈಗ ಕೆಳಗಿನ ರೋಧಕಕ್ಕೆ ಸಮಾಂತರವಾಗಿ ಮೀಟರ್ ಇಡಿ. ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ 830 ಸಾಲಿನ ಹಳದಿ ಡಿಜಿಟಲ್ ಮೀಟರಿನ ಒಳರೋಧ 1 ಮೆಗಾಓಮ್. ವೋಲ್ಟ್‌ಮೀಟರ್ ಆದರ್ಶವಾಗಿದ್ದರೆ ಅದರ ರೋಧ ಅನಂತ ಎಂದು ನಾವು ಪಾಠದಲ್ಲಿ ಹೇಳುತ್ತೇವೆ. ಕೈಯಲ್ಲಿರುವ ಮೀಟರ್ ಆದರ್ಶವಲ್ಲ, ಅದೂ ಒಂದು ರೋಧಕವೇ. 1 ಮೆಗಾಓಮ್‌ಗೆ 1 ಮೆಗಾಓಮ್ ಸಮಾಂತರವಾದಾಗ ಕೆಳಗಿನ ಭಾಗ ಅರ್ಧ ಮೆಗಾಓಮ್ ಆಯಿತು. ಮೇಲೆ 1, ಕೆಳಗೆ ಅರ್ಧ. 9 ವೋಲ್ಟಿನಲ್ಲಿ ಕೆಳಗಿನ ಪಾಲು ಮೂರರಲ್ಲಿ ಒಂದು, ಅಂದರೆ 3 ವೋಲ್ಟ್. ಐಸಿಯ ಮಿತಿ 4 ವೋಲ್ಟ್. ಬಿಂದು ಅದಕ್ಕಿಂತ ಕೆಳಗಿಳಿದದ್ದರಿಂದ "ಬೆಳಗಾಯಿತು" ಎಂದು ತಿಳಿದು ಐಸಿ ದೀಪ ಆರಿಸಿತು. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು.

ಅದೇ ಬೋರ್ಡಿನಲ್ಲಿ ಆ 4 ವೋಲ್ಟಿನ ಮಿತಿಯನ್ನು 10 ಕಿಲೋಓಮ್‌ನ ಪ್ರಿಸೆಟ್‌ನಿಂದ ಪಡೆದಿದ್ದರು. ಅಲ್ಲಿ ಅದೇ ಹಳದಿ ಮೀಟರ್ ಇಟ್ಟರೆ 3.99 ತೋರಿಸುತ್ತದೆ, ದೂರಲು ಏನೂ ಇಲ್ಲ. ಆದ್ದರಿಂದ "ಈ ಮೀಟರ್ ಸರಿಯೇ?" ಎಂಬ ಪ್ರಶ್ನೆಗೆ ಮೀಟರನ್ನಷ್ಟೇ ನೋಡಿ ಉತ್ತರ ಹೇಳಲಾಗದು. ಅಳೆಯುವ ಬಿಂದುವಿನ ರೋಧವನ್ನೂ ನೋಡಬೇಕು. ಆ ಬಿಂದುವಿನ ರೋಧವನ್ನು ಹೀಗೆ ತಿಳಿಯಬಹುದು: ಬ್ಯಾಟರಿಯನ್ನು ಮನಸ್ಸಿನಲ್ಲಿ ಬರೀ ತಂತಿ ಎಂದುಕೊಳ್ಳಿ. ಆಗ ನಡುಬಿಂದುವಿನಿಂದ ನೋಡಿದರೆ ಮೇಲಿನ ಮತ್ತು ಕೆಳಗಿನ ರೋಧಕಗಳು ಸಮಾಂತರವಾಗಿ ಕಾಣುತ್ತವೆ. ನಮ್ಮ ಉದಾಹರಣೆಯಲ್ಲಿ ಅದು 500 ಕಿಲೋಓಮ್, ಪ್ರಿಸೆಟ್ಟಿನಲ್ಲಿ ಸುಮಾರು ಎರಡೂವರೆ ಕಿಲೋಓಮ್. ಇದನ್ನು Rs ಎಂದೂ ಮೀಟರಿನ ಒಳರೋಧವನ್ನು Rm ಎಂದೂ ಮೀಟರ್ ಇಲ್ಲದಾಗಿನ ನಿಜವಾದ ವೋಲ್ಟೇಜನ್ನು E ಎಂದೂ ಕರೆದರೆ, ಮೀಟರ್ ತೋರಿಸುವುದು

V = E × Rm / (Rs + Rm)

ಬೆಲೆಗಳನ್ನು ಹಾಕಿ ನೋಡಿ: 4.5 × 1 / 1.5 = 3. ಇಡೀ ವಿಷಯ ಈ ಒಂದು ಸೂತ್ರದಲ್ಲಿದೆ.

ಇನ್ನು ಬೇರೆ ಮೀಟರುಗಳನ್ನು ಅದೇ ಬಿಂದುವಿನಲ್ಲಿಟ್ಟರೆ ಏನಾಗುತ್ತದೆ? ತುಸು ಉತ್ತಮ ಡಿಜಿಟಲ್ ಮೀಟರುಗಳ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಅದು 4.29 ತೋರಿಸುತ್ತದೆ, ದೀಪವೂ ಆರುವುದಿಲ್ಲ. ಆದರೂ ನೂರಕ್ಕೆ ಸುಮಾರು 5ರಷ್ಟು ಕಡಿಮೆ ಎಂಬುದು ನೆನಪಿರಲಿ. ಮುಳ್ಳಿನ ಮಲ್ಟಿಮೀಟರಿನ ಮುಖದ ಮೇಲೆ ವೋಲ್ಟಿಗೆ 20 ಕಿಲೋಓಮ್ ಎಂಬ ಬರಹ ನೋಡಿರುತ್ತೀರಿ. ಅದರ ಒಳರೋಧ ನಾವು ಆರಿಸುವ ರೇಂಜಿನ ಮೇಲೆ ನಿಂತಿದೆ. 10 ವೋಲ್ಟ್ ರೇಂಜಿನಲ್ಲಿ 200 ಕಿಲೋಓಮ್, ಹಾಗಾಗಿ ಅದು ತೋರಿಸುವುದು 1.29 ವೋಲ್ಟ್ ಮಾತ್ರ. 50 ವೋಲ್ಟ್ ರೇಂಜಿಗೆ ತಿರುಗಿಸಿದರೆ ಒಳರೋಧ 1 ಮೆಗಾಓಮ್ ಆಗಿ 3 ವೋಲ್ಟ್ ತೋರಿಸುತ್ತದೆ. ನಮ್ಮ ಲ್ಯಾಬಿನ ಮರದ ಪೆಟ್ಟಿಗೆಯಂಥ ವೋಲ್ಟ್‌ಮೀಟರಿನ ಕಥೆ ಕೇಳಲೇಬೇಡಿ. ಪೂರ್ಣ ವಿಚಲನೆಗೆ 1 ಮಿಲಿಆಂಪಿಯರ್ ಬೇಕಾದ 0–10 ವೋಲ್ಟ್ ಮೀಟರ್ ಎಂದರೆ ಬರೀ 10 ಕಿಲೋಓಮ್. ಇಲ್ಲಿ ಅದು 0.09 ವೋಲ್ಟ್ ತೋರಿಸುತ್ತದೆ, ಮುಳ್ಳು ಅಲುಗಿದ್ದೂ ಗೊತ್ತಾಗದು. ಓಮನ ನಿಯಮದ ಪ್ರಯೋಗದಲ್ಲಿ ಕೆಲವೇ ಓಮ್‌ಗಳ ತಂತಿಗೆ ಅಡ್ಡಲಾಗಿ ಇಟ್ಟಾಗ ಅದೇ ಮೀಟರ್ ಚೆನ್ನಾಗಿ ಕೆಲಸ ಮಾಡುತ್ತದೆ.

ಹಳೆಯ ರೇಡಿಯೊ, ಟಿವಿಗಳ ಸರ್ಕ್ಯೂಟ್ ಚಿತ್ರಗಳ ಮೂಲೆಯಲ್ಲಿ "ಈ ವೋಲ್ಟೇಜುಗಳನ್ನು ವೋಲ್ಟಿಗೆ 20 ಕಿಲೋಓಮ್ ಇರುವ ಮೀಟರಿನಿಂದ ಅಳೆಯಲಾಗಿದೆ" ಎಂಬರ್ಥದ ಟಿಪ್ಪಣಿ ಇರುತ್ತಿದ್ದದ್ದು ಇದಕ್ಕೇ. ರಿಪೇರಿಯವರಿಗೆ ಬೇಕಿದ್ದದ್ದು ಆದರ್ಶ ವೋಲ್ಟೇಜ್ ಅಲ್ಲ, ತಮ್ಮ ಕೈಯಲ್ಲಿನ ಮೀಟರ್ ತೋರಿಸಬೇಕಾದ ವೋಲ್ಟೇಜ್. ನಮ್ಮ ರೆಕಾರ್ಡ್ ಪುಸ್ತಕಗಳಲ್ಲಿ ಅಳತೆಯ ಪಕ್ಕದಲ್ಲಿ ಮೀಟರಿನ ಒಳರೋಧ ಬರೆಯುವ ರೂಢಿ ಇಲ್ಲ. ಇರಬೇಕು ಎಂಬುದು ನನ್ನ ಅಭಿಪ್ರಾಯ.

ಮೀಟರಿನ ಒಳರೋಧ ಗೊತ್ತಿಲ್ಲದಿದ್ದರೆ ತಿಳಿಯುವುದು ಕಷ್ಟವಲ್ಲ. ಮೊದಲು 9 ವೋಲ್ಟ್ ಬ್ಯಾಟರಿಯನ್ನು ನೇರವಾಗಿ ಅಳೆಯಿರಿ. ಆಮೇಲೆ ಮೀಟರಿನ ಒಂದು ತಂತಿಗೆ ಸರಣಿಯಲ್ಲಿ 1 ಮೆಗಾಓಮ್ ಸೇರಿಸಿ ಮತ್ತೆ ಅಳೆಯಿರಿ. 9 ಇದ್ದದ್ದು 4.5ಕ್ಕೆ ಇಳಿದರೆ ಒಳರೋಧ 1 ಮೆಗಾಓಮ್, 8.2ರ ಹತ್ತಿರ ನಿಂತರೆ 10 ಮೆಗಾಓಮ್. ಅಳೆಯುವಾಗ ಎರಡೂ ಪ್ರೋಬ್‌ಗಳ ಲೋಹದ ತುದಿಯನ್ನು ಬೆರಳಲ್ಲಿ ಹಿಡಿಯಬೇಡಿ. ಬೆವರಿದ ಬೆರಳುಗಳೂ ಒಂದು ರೋಧಕವೇ, ಅದೂ ಸಮಾಂತರವಾಗಿ ಸೇರಿಕೊಳ್ಳುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಇದು ಸಣ್ಣ ಮಾತಲ್ಲ.

ಓದುತ್ತಿರುವ ಅಂಕಿಯನ್ನು ಮೀಟರೇ ಕೆಡಿಸುತ್ತಿದೆ ಎಂದು ಗುರುತಿಸುವ ಸರಳ ದಾರಿ ಕೂಡಿಸಿ ನೋಡುವುದು. ಮೇಲಿನ ರೋಧಕದ ಮೇಲೆ ಮೀಟರ್ ಇಟ್ಟರೆ 3, ಕೆಳಗಿನದರ ಮೇಲೆ ಇಟ್ಟರೆ 3, ಬ್ಯಾಟರಿಯ ಮೇಲೆ ಇಟ್ಟರೆ 9. ಮೂರು ಮತ್ತು ಮೂರು ಒಂಬತ್ತಾಗುವುದಿಲ್ಲ. ಆ ವಿದ್ಯಾರ್ಥಿನಿಯರಲ್ಲಿ ಒಬ್ಬಳು ಇಲ್ಲಿ "ಕಿರ್ಖಾಫ್ ನಿಯಮ ತಪ್ಪಿತಲ್ರಿ ಸರ್" ಎಂದಳು. ಒಳ್ಳೆಯ ಆಕ್ಷೇಪ. ನಿಯಮ ತಪ್ಪಿಲ್ಲ, ಏಕೆಂದರೆ ಆ ಎರಡು ಅಳತೆಗಳು ಒಂದೇ ಮಂಡಲದವಲ್ಲ. ಮೀಟರ್ ಕೆಳಗಿದ್ದಾಗ ಮೇಲಿನ ರೋಧಕದ ಮೇಲೆ 6 ವೋಲ್ಟ್ ಇರುತ್ತದೆ. ಆದರೆ ಅದನ್ನು ನೋಡಲು ಮೀಟರನ್ನು ಮೇಲಕ್ಕೆ ಒಯ್ದ ಕೂಡಲೇ ಮಂಡಲವೇ ಬೇರೆಯಾಗುತ್ತದೆ.

ಒಳ್ಳೆಯ ಮೀಟರ್ ಇಲ್ಲದೆಯೂ ನಿಜವಾದ ಬೆಲೆಯನ್ನು ಪಡೆಯಬಹುದು. ಹಳದಿ ಮೀಟರ್ ಇಟ್ಟು ಓದಿ: 3 ವೋಲ್ಟ್. ಇದು V1. ಈಗ ಮೀಟರಿನ ಒಳರೋಧಕ್ಕೆ ಸಮವಾದ ರೋಧಕವನ್ನು, ಅಂದರೆ 1 ಮೆಗಾಓಮ್ ಅನ್ನು, ಪ್ರೋಬ್‌ಗಳ ನಡುವೆ ಅಡ್ಡಲಾಗಿ ಸೇರಿಸಿ ಮತ್ತೆ ಓದಿ. ಮಂಡಲದ ಮೇಲಿನ ಹೊರೆ ಎರಡರಷ್ಟಾಗಿ ಓದು 2.25ಕ್ಕೆ ಇಳಿಯುತ್ತದೆ. ಇದು V2. ಮೇಲಿನ ಸೂತ್ರವನ್ನು ಎರಡು ಸಲ ಬರೆದು Rs ಅನ್ನು ತೆಗೆದುಹಾಕಿದರೆ

1/E = 2/V1 − 1/V2

ಎಂದು ಬರುತ್ತದೆ. 2/3ರಲ್ಲಿ 1/2.25 ಕಳೆದರೆ 0.222. ಅದರ ವಿಲೋಮ 4.5 ವೋಲ್ಟ್. ಬಿಂದುವಿನ ರೋಧ ಎಷ್ಟೆಂದು ಗೊತ್ತಿಲ್ಲದಿದ್ದರೂ ಈ ಉಪಾಯ ನಡೆಯುತ್ತದೆ. ಬ್ಯಾಟರಿ ಮತ್ತು ರೋಧಕಗಳಷ್ಟೇ ಇರುವ ಮಂಡಲಕ್ಕೆ ಇದು ಸರಿ. ನಡುವೆ ಡಯೋಡು, ಟ್ರಾನ್ಸಿಸ್ಟರು ಇದ್ದರೆ ಹೊರೆ ಬದಲಾದಂತೆ Rs ಕೂಡ ಬದಲಾಗಬಹುದು, ಆಗ ಈ ಸೂತ್ರವನ್ನು ನಂಬಬಾರದು.

ಇನ್ನೊಂದು ದಾರಿ ಆ ಬೋರ್ಡಿನಲ್ಲೇ ಇತ್ತು. ಎಲ್‌ಎಂ358ರ ಒಳಗೆ ಎರಡು ಆಪ್-ಆಂಪ್‌ಗಳಿವೆ, ಅವರು ಬಳಸಿದ್ದು ಒಂದನ್ನು. ಖಾಲಿ ಇದ್ದ ಎರಡನೆಯದರ ಔಟ್‌ಪುಟ್ಟನ್ನು ಅದರ ಮೈನಸ್ ಇನ್‌ಪುಟ್ಟಿಗೆ ಸೇರಿಸಿ, ಪ್ಲಸ್ ಇನ್‌ಪುಟ್ಟನ್ನು ನಡುಬಿಂದುವಿಗೆ ಕೊಟ್ಟರೆ, ಬಿಂದುವಿನ ವೋಲ್ಟೇಜ್ ಔಟ್‌ಪುಟ್ಟಿನಲ್ಲಿ ಹಾಗೆಯೇ ಕಾಣುತ್ತದೆ. ಮೀಟರಿಗೆ ಬೇಕಾದ ಪ್ರವಾಹವನ್ನು ಬಿಂದುವಿನ ಬದಲು ಐಸಿ ಕೊಡುತ್ತದೆ. ಇದೂ ಪೂರ್ತಿ ಶುದ್ಧವಲ್ಲ. ಈ ಐಸಿಯ ಇನ್‌ಪುಟ್ಟಿನಲ್ಲಿ ಹತ್ತಾರು ನ್ಯಾನೋಆಂಪಿಯರ್ ಹರಿಯುತ್ತದೆ, 500 ಕಿಲೋಓಮ್ ಮೇಲೆ ಅದು ಕೆಲವು ಹತ್ತು ಮಿಲಿವೋಲ್ಟುಗಳಷ್ಟು ವ್ಯತ್ಯಾಸ ತರಬಹುದು. ಒಂದೂವರೆ ವೋಲ್ಟಿನ ತಪ್ಪಿನ ಮುಂದೆ ಅದು ಯಾವ ಲೆಕ್ಕ!

ಪೊಟೆನ್ಶಿಯೋಮೀಟರ್ ಮಾಡುವುದೂ ಇದನ್ನೇ, ಇನ್ನೂ ಸೊಗಸಾಗಿ. 1841ರಲ್ಲಿ ಜರ್ಮನಿಯ ಪೋಗನ್‌ಡಾರ್ಫ್ ವಿವರಿಸಿದ ಆ ವಿಧಾನದಲ್ಲಿ ಗ್ಯಾಲ್ವನೋಮೀಟರ್ ಸೊನ್ನೆ ತೋರಿಸುವ ಬಿಂದುವಿನಲ್ಲಿ ಅಳೆಯುವ ಮೂಲದಿಂದ ಪ್ರವಾಹವೇ ಹರಿಯುವುದಿಲ್ಲ. ಸಮತೋಲದ ಹೊತ್ತಿಗೆ ಅದು ಅನಂತ ರೋಧದ ವೋಲ್ಟ್‌ಮೀಟರೇ.

ಹಾಗಾದರೆ ಎಷ್ಟು ಒಳರೋಧದ ಮೀಟರ್ ಬೇಕು? ತಪ್ಪು ನೂರಕ್ಕೆ ಒಂದಕ್ಕಿಂತ ಕಡಿಮೆ ಇರಬೇಕಾದರೆ ಮೀಟರಿನ ರೋಧ ಬಿಂದುವಿನ ರೋಧದ ನೂರು ಪಟ್ಟು ಇರಲಿ. ಹತ್ತು ಪಟ್ಟು ಇದ್ದರೆ ತಪ್ಪು ಸುಮಾರು 9ರಷ್ಟು. ನಮ್ಮ 500 ಕಿಲೋಓಮ್ ಬಿಂದುವಿಗೆ ನೂರು ಪಟ್ಟು ಎಂದರೆ 50 ಮೆಗಾಓಮ್, ಅದು ಸಾಮಾನ್ಯ ಮಲ್ಟಿಮೀಟರಿನಲ್ಲಿ ಸಿಗದು. 1 ಮೆಗಾಓಮ್‌ನ ಹಳದಿ ಮೀಟರನ್ನು 10 ಕಿಲೋಓಮ್ ವರೆಗಿನ ಬಿಂದುಗಳಿಗೆ ಧೈರ್ಯವಾಗಿ ಬಳಸಿ.

ಒಳರೋಧ ಹೆಚ್ಚಿದ್ದಷ್ಟೂ ಎಲ್ಲ ಕಡೆ ಒಳ್ಳೆಯದು ಎಂದೂ ತಿಳಿಯಬೇಡಿ. ಮನೆಯ ವೈರಿಂಗಿನಲ್ಲಿ ಎರಡೂ ತುದಿ ಎಲ್ಲಿಗೂ ಸೇರದ ತಂತಿಯೊಂದು ಕರೆಂಟ್ ಇರುವ ತಂತಿಯ ಜೊತೆ ಒಂದೇ ಪೈಪಿನಲ್ಲಿ ಹೋಗಿದ್ದರೆ, 10 ಮೆಗಾಓಮ್ ಮೀಟರ್ ಅದರ ಮೇಲೆ ಹತ್ತಾರು ವೋಲ್ಟ್ ತೋರಿಸಬಹುದು. ಎರಡು ತಂತಿಗಳ ನಡುವಿನ ಅತಿ ಸಣ್ಣ ಕೆಪಾಸಿಟೆನ್ಸಿನ ಮೂಲಕ ಬರುವ ಆ ವೋಲ್ಟೇಜಿನ ಹಿಂದೆ ಒಂದು ಬಲ್ಬ್ ಹತ್ತಿಸುವಷ್ಟೂ ಪ್ರವಾಹ ಇರುವುದಿಲ್ಲ. ಅನುಭವಿ ಎಲೆಕ್ಟ್ರಿಷಿಯನ್‌ಗಳು ಮೀಟರ್ ಇದ್ದರೂ ಹೋಲ್ಡರಿಗೆ ಹಾಕಿದ ಬಲ್ಬೊಂದನ್ನು ಜೊತೆಗೆ ಒಯ್ಯುವುದು ಇದಕ್ಕಾಗಿ. ಬಲ್ಬಿನ ಕಡಿಮೆ ರೋಧ ಸೇರಿದ ಕೂಡಲೇ ಹುಸಿ ವೋಲ್ಟೇಜ್ ಸೊನ್ನೆಗೆ ಇಳಿಯುತ್ತದೆ, ನಿಜವಾದ ಫೇಸ್ ಇದ್ದರೆ ಬಲ್ಬ್ ಹತ್ತುತ್ತದೆ. ಅಲ್ಲಿ ಲೋಡಿಂಗ್ ಬೇಕಾಗಿಯೇ ಮಾಡುವ ಕೆಲಸ. 230 ವೋಲ್ಟಿನ ಆ ಪರೀಕ್ಷೆ ಅವರದ್ದು. ನೀವು 9 ವೋಲ್ಟ್ ಬ್ಯಾಟರಿ ಮತ್ತು ಎರಡು ಮೆಗಾಓಮ್ ರೋಧಕಗಳೊಂದಿಗೆ ಲ್ಯಾಬಿಗೆ ಬನ್ನಿ, ಮೀಟರುಗಳು ಕಪಾಟಿನಲ್ಲಿವೆ.